ರಬ್ಬರ್ ಬ್ಯಾಂಡಿಂಗ್: ಹಿಂದೆ ಬಿದ್ದ ಆಟಗಾರನಿಗೆ ಎಷ್ಟು ಸಹಾಯ ಮಾಡಬೇಕು?

ರೇಸಿಂಗ್ ಗೇಮ್‌ನಲ್ಲಿ ಕಂಪ್ಯೂಟರ್ ಓಡಿಸುವ ಕಾರು ನಿಮಗಿಂತ ತುಂಬಾ ಮುಂದೆ ಹೋದರೆ ತಾನಾಗಿಯೇ ನಿಧಾನ ಆಗುತ್ತದೆ. ತುಂಬಾ ಹಿಂದೆ ಉಳಿದರೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಎರಡು ಕಾರುಗಳ ನಡುವೆ ರಬ್ಬರ್ ಬ್ಯಾಂಡ್ ಕಟ್ಟಿದ ಹಾಗೆ. ಇದನ್ನೇ ರಬ್ಬರ್ ಬ್ಯಾಂಡಿಂಗ್ ಅನ್ನುತ್ತಾರೆ.

ಆಟಗಾರರು ಇದನ್ನು ಮೋಸ ಅಂತ ಬೈಯುವುದೇ ಜಾಸ್ತಿ. ಆದರೆ ಇದು ಇಲ್ಲದ ಗೇಮ್ ಆಡಿ ನೋಡಿ. ಮೊದಲ ಸುತ್ತಲ್ಲೇ ಒಮ್ಮೆ ಗೋಡೆಗೆ ಗುದ್ದಿದರೆ ಮುಗೀತು, ಉಳಿದ ಸುತ್ತೆಲ್ಲ ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸಬೇಕು, ಹಾಗಾಗಿ ಯಾರಾದರೂ ಸೀದಾ ರೀಸ್ಟಾರ್ಟ್ ಒತ್ತುತ್ತಾರೆ. ಸಹಾಯ ಬೇಕೇ ಬೇಕು. ಅದು ಎಷ್ಟು, ಯಾವಾಗ, ಎಲ್ಲಿ ನಿಲ್ಲಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಮಟ್ಟಿಗೆ ಅಳತೆ ಇಷ್ಟೇ: ಎದುರಾಳಿಯ ಕಾರು ಮತ್ತೆ ಕಣ್ಣಿಗೆ ಕಾಣುವ ತನಕ ಸಹಾಯ ಮಾಡಬೇಕು, ಅದನ್ನು ದಾಟುವ ಕೆಲಸ ಆಟಗಾರನದ್ದೇ ಆಗಿರಬೇಕು.

ಮೊದಲು ಅಂತರವನ್ನು ಸರಿಯಾಗಿ ಅಳೆಯಬೇಕು. ಹಲವರು ಮೀಟರ್‌ನಲ್ಲಿ ಅಳೆಯುತ್ತಾರೆ, ಅಲ್ಲೇ ತೊಂದರೆ ಶುರು. ಗಂಟೆಗೆ 180 ಕಿ.ಮೀ. ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುವಾಗ 20 ಮೀಟರ್ ಅಂದರೆ 0.4 ಸೆಕೆಂಡ್. ಅದೇ 20 ಮೀಟರ್ 36 ಕಿ.ಮೀ. ವೇಗದ ಕಡಿದಾದ ತಿರುವಿನಲ್ಲಿ 2 ಸೆಕೆಂಡ್. ಮೀಟರ್ ನಂಬಿದರೆ ಪ್ರತಿ ತಿರುವಿನಲ್ಲೂ ಅಂತರ ಕಮ್ಮಿ ಆದ ಹಾಗೆ ಕಾಣುತ್ತದೆ, ತಿರುವು ಮುಗಿದ ಮೇಲೆ ಮತ್ತೆ ಹಿಗ್ಗುತ್ತದೆ, ಎದುರಾಳಿಯ ಕಾರು ಸುಮ್ನೆ ಒಮ್ಮೆ ನಿಧಾನ ಒಮ್ಮೆ ಜೋರು ಮಾಡುತ್ತಾ ಹೋಗುತ್ತದೆ. ಅದಕ್ಕೆ ಸೆಕೆಂಡ್‌ನಲ್ಲಿ ಅಳೆಯಿರಿ. ಮುಂದಿನ ಕಾರು ಟ್ರ್ಯಾಕ್‌ನ ಒಂದೊಂದು ಗುರುತನ್ನು ಯಾವ ಹೊತ್ತಿಗೆ ದಾಟಿತು ಅಂತ ಬರೆದಿಟ್ಟುಕೊಂಡು, ಹಿಂದಿನ ಕಾರು ಅದೇ ಗುರುತಿಗೆ ಬಂದಾಗ ಕಳೆದರೆ ಆಯಿತು.

ಈಗ ವೇಗದ ಲೆಕ್ಕ. ಎದುರಾಳಿ ಮುಂದೆ ಇದ್ದರೆ `gap` ಪ್ಲಸ್, ಹಿಂದೆ ಇದ್ದರೆ ಮೈನಸ್ ಅಂತ ಇಟ್ಟುಕೊಳ್ಳಿ. `base` ಅಂದರೆ ಎದುರಾಳಿಯ ಸಹಜ ವೇಗ, `clamp` ಉತ್ತರವನ್ನು 0 ಮತ್ತು 1ರ ನಡುವೆಯೇ ಹಿಡಿದಿಡುತ್ತದೆ.

```
k = clamp((abs(gap) - 1.0) / 4.0, 0, 1)
if gap > 0:
    speed = base * (1 - 0.06 * k)
else:
    speed = base * (1 + 0.02 * k)
```

ಅಂತರ 1 ಸೆಕೆಂಡ್‌ಗಿಂತ ಕಮ್ಮಿ ಇದ್ದಾಗ `k` ಸೊನ್ನೆ. ಅಂದರೆ ಇಬ್ಬರೂ ಹತ್ತಿರ ಇರುವಾಗ ಗೇಮ್ ಕೈ ಹಾಕುವುದೇ ಇಲ್ಲ. ಅಲ್ಲಿಂದ ಮುಂದೆ ಸಹಾಯ ನಿಧಾನಕ್ಕೆ ಏರುತ್ತದೆ, 5 ಸೆಕೆಂಡ್ ಅಂತರಕ್ಕೆ ಪೂರ್ತಿ ಆಗುತ್ತದೆ, ಅದರಾಚೆ ಎಷ್ಟೇ ಹಿಂದೆ ಬಿದ್ದರೂ ಅಷ್ಟೇ. ಇದರ ಜೊತೆಗೆ ಇನ್ನೊಂದು ನಿಯಮ: ಕೊನೆಯ ಸುತ್ತಿನಲ್ಲಿ ರಬ್ಬರ್ ಬ್ಯಾಂಡ್ ಪೂರ್ತಿ ಬಂದ್.

ಒಂದು ರೇಸ್ ಓಡಿಸಿ ನೋಡೋಣ. 4 ಸುತ್ತು, ಎದುರಾಳಿಯ ಸಹಜ ವೇಗಕ್ಕೆ ಒಂದು ಸುತ್ತು 60 ಸೆಕೆಂಡ್. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಆಟಗಾರ ಗುದ್ದಿಕೊಂಡು 6 ಸೆಕೆಂಡ್ ಹಿಂದೆ ಬಿದ್ದಿದ್ದಾನೆ. ಆಮೇಲೆ ಅವನು ಚೆನ್ನಾಗಿ ಓಡಿಸಿ ಪ್ರತಿ ಸುತ್ತನ್ನು 59 ಸೆಕೆಂಡ್‌ನಲ್ಲಿ ಮುಗಿಸುತ್ತಾನೆ. ಎರಡನೇ ಸುತ್ತಿನ ಕೊನೆಗೆ ಅಂತರ ಸುಮಾರು 2.5 ಸೆಕೆಂಡ್‌ಗೆ ಇಳಿಯುತ್ತದೆ. ಮೂರನೆಯದರ ಕೊನೆಗೆ ಸುಮಾರು 1 ಸೆಕೆಂಡ್. ಇಲ್ಲಿಗೆ ಸಹಾಯ ನಿಂತಿತು. ಕೊನೆಯ ಸುತ್ತಿನಲ್ಲಿ ಅವನು ಗಳಿಸುವ 1 ಸೆಕೆಂಡ್ ಪೂರ್ತಿ ಅವನದ್ದೇ, ಗೆರೆ ದಾಟುವಾಗ ಇಬ್ಬರೂ ಪಕ್ಕಪಕ್ಕ. ಸಹಾಯ ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಓಡಿಸಿಯೂ 3 ಸೆಕೆಂಡ್ ಹಿಂದೆಯೇ ಇರುತ್ತಿದ್ದ.

ಅದೇ ರೀತಿ ಗುದ್ದಿಕೊಂಡು, ಆಮೇಲೆ ಎದುರಾಳಿಯ ಹಾಗೇ 60 ಸೆಕೆಂಡ್‌ನಲ್ಲಿ ಓಡಿಸಿದವನು ಏನಾಗುತ್ತಾನೆ? ಸುಮಾರು 2 ಸೆಕೆಂಡ್ ಹಿಂದೆ ಮುಗಿಸುತ್ತಾನೆ. ಸೋತ, ಆದರೆ ರೇಸ್ ಪೂರ್ತಿ ಮುಂದಿನ ಕಾರನ್ನು ಅಟ್ಟಿಸಿಕೊಂಡು ಹೋಗಿದ್ದಾನೆ. ಗುದ್ದಿದ್ದು ಒಂದೇ ಥರ, ಓಡಿಸಿದ್ದು ಬೇರೆ, ಫಲಿತಾಂಶವೂ ಬೇರೆ. ಗೆಲುವು ದುಡಿದದ್ದು ಅನ್ನಿಸುವುದು ಈ ವ್ಯತ್ಯಾಸದಿಂದಲೇ.

ನಿಧಾನ ಮಾಡಲು 6%, ಜೋರು ಮಾಡಲು ಬರೀ 2% ಯಾಕೆ? ಮುಂದಿನ ಕಾರು ಸ್ವಲ್ಪ ನಿಧಾನ ಆದದ್ದು ಆಟಗಾರನಿಗೆ ಗೊತ್ತೇ ಆಗುವುದಿಲ್ಲ, ತಾನೇ ಚೆನ್ನಾಗಿ ಓಡಿಸಿದೆ ಅಂದುಕೊಳ್ಳುತ್ತಾನೆ. ಆದರೆ ಕಷ್ಟಪಟ್ಟು ಮುಂದೆ ಹೋದವನ ಕನ್ನಡಿಯಲ್ಲಿ, ಆಗಷ್ಟೇ ಹಿಂದೆ ಬಿಟ್ಟ ಕಾರು ಎರಡೇ ತಿರುವಿನಲ್ಲಿ ಮತ್ತೆ ಬಂದು ನಿಂತರೆ ಮೈ ಉರಿಯುತ್ತದೆ ಅಲ್ವಾ? ಮೋಸ ಅನ್ನುವ ಬೈಗುಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. 2% ಪೂರ್ತಿ ಸಿಕ್ಕರೂ ಎದುರಾಳಿಯ ಸುತ್ತು 58.8 ಸೆಕೆಂಡ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕಿಂತ ವೇಗವಾಗಿ ಓಡಿಸುವವನು ನಿಜಕ್ಕೂ ದೂರ ಹೋಗಬಹುದು, ಹೋಗಲಿ ಬಿಡಿ.

ವೇಗವನ್ನು ಎಲ್ಲಿ ಕಡಿಮೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಮೇಲಿನ ಲೆಕ್ಕವನ್ನು ನೇರವಾಗಿ ಎಂಜಿನ್‌ಗೆ ಕೊಟ್ಟರೆ ನೇರ ರಸ್ತೆಯಲ್ಲಿ ಒಳ್ಳೆಯ ಕಾರೊಂದು ಕಾರಣವಿಲ್ಲದೆ ಹಿಂದೆ ಬೀಳುವುದು ಎದ್ದು ಕಾಣುತ್ತದೆ. ಬದಲಿಗೆ ಡ್ರೈವರ್‌ನ ಕೌಶಲ ಇಳಿಸಿ. ತಿರುವಿಗೆ ಕೆಲವು ಮೀಟರ್ ಮೊದಲೇ ಬ್ರೇಕ್ ಹಿಡಿಯಲಿ, ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಲು ತಡ ಮಾಡಲಿ. ಸುತ್ತಿನ ಸಮಯ ಅಷ್ಟೇ ಹೆಚ್ಚಾಗುತ್ತದೆ, ನೋಡುವವರಿಗೆ ಮಾತ್ರ ಮನುಷ್ಯ ತಡವರಿಸಿದ ಹಾಗೆ ಕಾಣುತ್ತದೆ. `k` ಬೆಲೆಯೂ ಒಮ್ಮೆಲೇ ಜಿಗಿಯಬಾರದು, ಎರಡು ಮೂರು ಸೆಕೆಂಡ್‌ನಲ್ಲಿ ಮೆಲ್ಲಗೆ ಬದಲಾಗಲಿ. ಎದುರಾಳಿಗಳು ಏಳೆಂಟು ಜನ ಇದ್ದರೆ ಎಲ್ಲರನ್ನೂ ಆಟಗಾರನ ಹತ್ತಿರಕ್ಕೇ ಎಳೆಯಬೇಡಿ, ಒಂದೇ ಗುಂಪಾಗಿ ಮುದ್ದೆ ಕಟ್ಟುತ್ತಾರೆ. ಒಬ್ಬನಿಗೆ 2 ಸೆಕೆಂಡ್ ಮುಂದೆ, ಇನ್ನೊಬ್ಬನಿಗೆ 4 ಸೆಕೆಂಡ್ ಹಿಂದೆ ಅಂತ ಬೇರೆ ಬೇರೆ ಜಾಗ ಗೊತ್ತು ಮಾಡಿ, ಅಂತರವನ್ನು ಆ ಜಾಗದಿಂದ ಲೆಕ್ಕ ಹಾಕಿ.

ರಬ್ಬರ್ ಬ್ಯಾಂಡ್ ಅತಿಯಾದರೆ ಆಟಗಾರರೇ ಅದನ್ನು ಬೇಗ ಕಂಡುಹಿಡಿಯುತ್ತಾರೆ. ಮೊದಲ ಸುತ್ತುಗಳನ್ನು ಬೇಕಂತಲೇ ಆರಾಮಾಗಿ ಓಡಿಸಿ, ಕೊನೆಯ ತಿರುವಿನಲ್ಲಿ ಮುಂದೆ ನುಗ್ಗಿ ಗೆಲ್ಲುತ್ತಾರೆ. ಹಾಗಾದರೆ ಮೊದಲ ಮೂರು ಸುತ್ತಿಗೆ ಅರ್ಥವೇ ಇಲ್ಲ. ಬಿಡುಗಡೆಗೆ ಮೊದಲೇ ಇದನ್ನು ಹಿಡಿಯುವ ದಾರಿ ಸುಲಭ. 59 ಸೆಕೆಂಡ್‌ಗೆ ಓಡುವ ಬಾಟ್‌ನ ಕೈಗೆ ಆಟಗಾರನ ಕಾರು ಕೊಟ್ಟು ಎರಡು ಸಲ ಓಡಿಸಿ: ಒಮ್ಮೆ ಎಲ್ಲೂ ಗುದ್ದದೆ, ಒಮ್ಮೆ 6 ಸೆಕೆಂಡ್ ಕಳೆದುಕೊಂಡು. ನಮ್ಮ ಲೆಕ್ಕದಲ್ಲಿ ಗುದ್ದದ ಬಾಟ್ ಸುಮಾರು 3.5 ಸೆಕೆಂಡ್ ಮುಂದೆ ಮುಗಿಸುತ್ತದೆ, ಗುದ್ದಿದ್ದು ಸಮಸಮ. ಅಂದರೆ 6 ಸೆಕೆಂಡ್‌ನ ತಪ್ಪಿಗೆ ಕೊನೆಗೆ ತೆತ್ತ ಬೆಲೆ 3.5 ಸೆಕೆಂಡ್. ಈ ಬೆಲೆ ಸೊನ್ನೆಯ ಹತ್ತಿರ ಬಂದರೆ 6% ಅನ್ನು ಇಳಿಸಿ ಅಥವಾ ಸಹಾಯವನ್ನು ಇನ್ನೂ ಬೇಗ ನಿಲ್ಲಿಸಿ. 6ಕ್ಕೆ 6 ಹಾಗೇ ಉಳಿದರೆ ಸಹಾಯ ಕೆಲಸ ಮಾಡುತ್ತಲೇ ಇಲ್ಲ.

ಎಲ್ಲ ಕಾರುಗಳನ್ನೂ ಮನುಷ್ಯರೇ ಓಡಿಸುವಾಗ ಈ ಲೆಕ್ಕ ನಡೆಯುವುದಿಲ್ಲ, ಯಾರೋ ಕಷ್ಟಪಟ್ಟು ಗಳಿಸಿದ ವೇಗವನ್ನು ಗುಟ್ಟಾಗಿ ಕಿತ್ತುಕೊಂಡ ಹಾಗಾಗುತ್ತದೆ. ಅಲ್ಲಿ ಸಹಾಯ ಎಲ್ಲರ ಕಣ್ಣಿಗೆ ಕಾಣಬೇಕು. 1992ರ ಸೂಪರ್ ಮಾರಿಯೋ ಕಾರ್ಟ್‌ನಿಂದ ಬಂದ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ: ಹಿಂದೆ ಇದ್ದವರಿಗೆ ಹೆಚ್ಚು ಬಲದ ಐಟಂ, ಮುಂದೆ ಇದ್ದವರಿಗೆ ಸಣ್ಣ ಪುಟ್ಟದ್ದು. ಐಟಂ ಸಿಕ್ಕಿದರೂ ಅದನ್ನು ಯಾವಾಗ ಬಳಸಬೇಕು ಅನ್ನುವ ತೀರ್ಮಾನ ಆಟಗಾರನದ್ದೇ ಆಗಿರುತ್ತದೆ.