ಗುಂಡಿಗೆ ಬಿದ್ದವರ ದೂರಿನಲ್ಲಿ ಗುಂಡಿ ಎಲ್ಲಿದೆ?

2025ರ ಜುಲೈನಲ್ಲಿ ಒಬ್ಬರು ನನ್ನ ಆಫೀಸಿಗೆ ಬಂದರು. ಎಡಗೈಯನ್ನು ಕೊರಳಿಗೆ ಪಟ್ಟಿ ಕಟ್ಟಿ ತೂಗುಹಾಕಿಕೊಂಡಿದ್ದರು. ಬಲಗೈಯಲ್ಲಿ ಆಗಲೇ ಬರೆದ ದೂರು. ಅದರಲ್ಲಿ ಹೀಗಿತ್ತು: "ನಿಮ್ಮ ಇಲಾಖೆಯ ನಿರ್ಲಕ್ಷ್ಯದಿಂದ ಮೊನ್ನೆ ರಾತ್ರಿ ನಮ್ಮೂರ ಹತ್ತಿರದ ದೊಡ್ಡ ಗುಂಡಿಗೆ ಬಿದ್ದು ತೀವ್ರವಾಗಿ ಗಾಯಗೊಂಡಿದ್ದೇನೆ. ಕೂಡಲೇ ಕ್ರಮ ಕೈಗೊಳ್ಳಬೇಕು."

ಅವರ ಸಿಟ್ಟು ಸರಿಯಾದದ್ದೇ. ಆದರೆ ಈ ಕಾಗದಕ್ಕೆ ಬರುವ ಹಿಂಬರಹ ನನಗೆ ಬಾಯಿಪಾಠ: "ಸದರಿ ಸ್ಥಳವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ." ಬೈಕ್ ಅಪಘಾತದ ಕೇಸುಗಳನ್ನು ನಡೆಸುವ ವಕೀಲನಾಗಿ ಇಂಥ ಹಿಂಬರಹ ಬೇಕಾದಷ್ಟು ನೋಡಿದ್ದೇನೆ. ಯಾವ ರಸ್ತೆ, ಯಾವ ಜಾಗ, ಎಷ್ಟು ಹೊತ್ತಿಗೆ, ಏನು ಮುರಿಯಿತು ಅನ್ನುವುದು ಆ ಮೂರು ಸಾಲಿನಲ್ಲಿ ಎಲ್ಲೂ ಇಲ್ಲ.

ಮೊದಲು ಜಾಗ. "ಪೆಟ್ರೋಲ್ ಬಂಕ್ ಹತ್ತಿರ" ಅಂದರೆ ನಮಗೆ ಗೊತ್ತಾಗುತ್ತದೆ, ಎಂಜಿನಿಯರ್ ಕಡತಕ್ಕೆ ಗೊತ್ತಾಗುವುದಿಲ್ಲ. ಹೆದ್ದಾರಿಗಳ ಅಂದಾಜುಪಟ್ಟಿ, ಟೆಂಡರ್, ಬಿಲ್ಲು ಎಲ್ಲವೂ ಕಿಲೋಮೀಟರ್ ಲೆಕ್ಕದಲ್ಲೇ ನಡೆಯುತ್ತವೆ. ಇದನ್ನು ಚೈನೇಜ್ ಅನ್ನುತ್ತಾರೆ. ಹಾಗಾಗಿ ರಸ್ತೆ ಬದಿಯ ಕಲ್ಲು ನೋಡಬೇಕು. ಅದರ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಸಾಮಾನ್ಯವಾಗಿ ಗ್ರಾಮ ಸಡಕ್ ಯೋಜನೆಯ ರಸ್ತೆಯದು. ದೂರು ಯಾರಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲೂ ಇರಬೇಕು. ಎಷ್ಟೋ ಕಡೆ ಅದು ಮಣ್ಣಲ್ಲಿ ಹೂತುಹೋಗಿರುತ್ತದೆ, ಅದು ಬೇರೆ ಮಾತು.

ನಾನು ಅವರ ತಮ್ಮನನ್ನು ಅಳತೆ ಟೇಪ್ ಕೊಟ್ಟು ಅವತ್ತೇ ಕಳಿಸಿದೆ. ತಡಮಾಡುವ ಹಾಗಿರಲಿಲ್ಲ. ಒಬ್ಬರು ಬಿದ್ದ ಸುದ್ದಿ ಹಬ್ಬಿದರೆ ಗುಂಡಿಗೆ ಎರಡೇ ದಿನದಲ್ಲಿ ಜಲ್ಲಿ ಬೀಳುವುದುಂಟು. ರಸ್ತೆಗೆ ಒಳ್ಳೆಯದೇ, ಆದರೆ ಸಾಕ್ಷಿ ಹೋಯಿತು. ಆ ಹುಡುಗ ಗುಂಡಿಯಲ್ಲಿ ಕೋಲು ನಿಲ್ಲಿಸಿ, ಪಕ್ಕದಲ್ಲಿ ಹೆಲ್ಮೆಟ್ ಇಟ್ಟು, ಹಿಂದೆ ಕಿಲೋಮೀಟರ್ ಕಲ್ಲು ಕಾಣುವ ಹಾಗೆ ಫೋಟೋ ತೆಗೆದ. ಬರೀ ಗುಂಡಿಯ ಫೋಟೋ ಯಾವ ಊರಿನದ್ದೂ ಆಗಬಹುದಲ್ವಾ? ಇನ್ನೊಂದು ವಿಷಯ: ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದರೆ ಅದರೊಳಗಿನ ಲೊಕೇಷನ್ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಫೈಲ್ ತೆಗೆದ ಫೋನಿನಲ್ಲೇ ಇರಲಿ.

ಸಮಯದ ವಿಷಯದಲ್ಲಿ ನಮಗೆ ನಿಜವಾದ ತೊಡಕು ಎದುರಾಯಿತು. ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸುಗಳನ್ನು ಬರೆದಿಡುವ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ "ರಾತ್ರಿ 8ಕ್ಕೆ ಬೈಕ್ ಸ್ಕಿಡ್ ಆಗಿ ಬಿದ್ದದ್ದು" ಅಂತಿತ್ತು. ಗುಂಡಿ ಅನ್ನುವ ಮಾತೇ ಇಲ್ಲ. ಕರೆತಂದ ನೆಂಟರು ಗಾಬರಿಯಲ್ಲಿ ಹಾಗೆ ಹೇಳಿದ್ದರು, ಡಾಕ್ಟರ್ ಕೇಳಿದ್ದನ್ನು ಬರೆದುಕೊಂಡಿದ್ದರು. ನಾಳೆ ಎದುರು ವಕೀಲರು ಮೊದಲು ಹಿಡಿಯುವುದು ಇದನ್ನೇ: "ಮೊದಲ ದಿನ ಇಲ್ಲದ ಗುಂಡಿ ಮೂರನೇ ದಿನ ಎಲ್ಲಿಂದ ಬಂತು?" ಬಿದ್ದ ಬೈಕ್ ಸವಾರರ ಕೇಸುಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಬರೆದದ್ದನ್ನು ತಿದ್ದಿ ಕೊಡಿ ಅಂತ ಡಾಕ್ಟರನ್ನು ಕೇಳಬಾರದು. ಅದು ತಪ್ಪು, ಸಿಕ್ಕಿಬಿದ್ದರೆ ಇರುವ ಕೇಸೂ ಹೋಗುತ್ತದೆ. ನಾವು ಮಾಡಿದ್ದು ಇಷ್ಟೇ. ಅವರ ಫೋನ್ ತೆಗೆದು ನೋಡಿದೆವು. ಬಿದ್ದ ಮೇಲೆ ತಮ್ಮನಿಗೆ ಮಾಡಿದ ಮೊದಲ ಕರೆ 8.43ಕ್ಕೆ ಇತ್ತು. ಆಸ್ಪತ್ರೆಗೆ ಬಂದ ಸಮಯ 9.25 ಅಂತ ರಿಜಿಸ್ಟರಿನಲ್ಲೇ ಇತ್ತು. ಎರಡನ್ನೂ ದೂರಿನಲ್ಲಿ ಬರೆದೆವು. ಆಸ್ಪತ್ರೆಯಲ್ಲಿ ಮಾಹಿತಿ ಕೊಟ್ಟವರು ಬೀಳುವುದನ್ನು ಕಣ್ಣಾರೆ ಕಂಡವರಲ್ಲ ಅನ್ನುವುದನ್ನೂ ಬರೆದೆವು. ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲೂ ಅದನ್ನೇ ಹೇಳಿಸಿದೆವು. ತೊಡಕನ್ನು ನಾವೇ ಮೊದಲು ಹೇಳಿಬಿಟ್ಟರೆ ಎದುರಿನವರಿಗೆ ಅದು ಅಷ್ಟು ರುಚಿಸುವುದಿಲ್ಲ.

ಗಾಯದ ಬಗ್ಗೆ "ತೀವ್ರ", "ಭೀಕರ" ಅನ್ನುವ ಮಾತುಗಳನ್ನೆಲ್ಲ ತೆಗೆದುಹಾಕಿದೆ. ಗಾಯಗಳ ಬಗ್ಗೆ ಡಾಕ್ಟರ್ ಬರೆದುಕೊಡುವ ವೂಂಡ್ ಸರ್ಟಿಫಿಕೇಟಿನಲ್ಲಿ ಏನಿದೆಯೋ ಅಷ್ಟೇ ಸಾಕು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಮೂಳೆ ಮುರಿತವೂ ತೀವ್ರ ಗಾಯವೇ. ಗಾಯದಿಂದ 15 ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಹಾಗೆಯೇ. ಆದ್ದರಿಂದ ಯಾವ ಮೂಳೆ, ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ, ಇವೆರಡು ಇರಲೇಬೇಕು. ದೂರಿನ ನಡುಭಾಗ ಕೊನೆಗೆ ಹೀಗಾಯಿತು:

"14-7-2025ರ ಸೋಮವಾರ ರಾತ್ರಿ ಸುಮಾರು 8.40ಕ್ಕೆ ಕಿ.ಮೀ. 23ರ ಕಲ್ಲು ದಾಟಿ, ಎರಡನೇ 200 ಮೀಟರ್ ಕಲ್ಲಿನಿಂದ 30 ಮೀಟರ್ ಮುಂದೆ, ರಸ್ತೆಯ ಎಡ ಅಂಚಿನಿಂದ 4 ಅಡಿ ಒಳಗಿದ್ದ ಗುಂಡಿಗೆ ನನ್ನ ಬೈಕಿನ ಮುಂದಿನ ಚಕ್ರ ಇಳಿದು ಬಿದ್ದೆನು. ಗುಂಡಿ 3 ಅಡಿ ಉದ್ದ, 2 ಅಡಿ ಅಗಲ, 5 ಇಂಚು ಆಳವಿದ್ದು, ಮಳೆನೀರು ತುಂಬಿದ್ದರಿಂದ ಕಾಣಲಿಲ್ಲ. ಅಲ್ಲಿ ದೀಪವಾಗಲಿ, ಎಚ್ಚರಿಕೆ ಫಲಕವಾಗಲಿ ಇರಲಿಲ್ಲ. ಹೆಲ್ಮೆಟ್ ಧರಿಸಿದ್ದೆನು. ಎಡ ಕಾಲರ್ ಬೋನ್ ಮುರಿದಿದೆ, ಎಡ ಮೊಣಕಾಲಿಗೆ ತರಚು ಗಾಯವಾಗಿದೆ."

ಫಲಕದ ಮಾತು ಸುಮ್ನೆ ಸೇರಿಸಿದ್ದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಮು ಸೇರಿತು. ರಸ್ತೆಯನ್ನು ಮಾನದಂಡದಂತೆ ನೋಡಿಕೊಳ್ಳದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರು ಮೊದಲಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಅನ್ನುತ್ತದೆ ಅದು. ಆ ದಂಡ ಗಾಯಾಳುವಿನ ಕೈಗೆ ಬರುವುದಿಲ್ಲ, ಸರ್ಕಾರದ ನಿಧಿಗೆ ಹೋಗುತ್ತದೆ. ಕೂಡಿಕೊಳ್ಳುವ ಮುರಿತ ಅಂಗವೈಕಲ್ಯ ಆಗುತ್ತದೆಯೇ ಅನ್ನುವ ವಾದವೂ ಉಳಿದಿರುತ್ತದೆ. ಆದರೂ ನನಗೆ ಈ ಕಲಮು ಇಷ್ಟ. ಕೋರ್ಟು ಏನೇನು ನೋಡಬೇಕು ಅಂತ ಅದರಲ್ಲೇ ಬರೆದಿದೆ: ಆ ಜಾಗ ಅಪಾಯ ತರುತ್ತದೆ ಅಂತ ಪ್ರಾಧಿಕಾರಕ್ಕೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ, ರಿಪೇರಿಗೆ ಮುಂಚೆ ಎಚ್ಚರಿಕೆ ಫಲಕ ಹಾಕಿತ್ತೇ. ನಷ್ಟಪರಿಹಾರಕ್ಕೆ ಸಿವಿಲ್ ದಾವೆ ಹಾಕಿದಾಗಲೂ ವಾದ ಬಂದು ನಿಲ್ಲುವುದು ಈ "ಗೊತ್ತಿತ್ತೇ" ಅನ್ನುವಲ್ಲೇ.

ಅದಕ್ಕೇ ದೂರನ್ನು ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡೆವು. ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಮೇಲಿನ ಕಚೇರಿಗೆ ಕಳಿಸಿದೆವು. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಕೇಳಿದೆವು: ಕಿ.ಮೀ. 22ರಿಂದ 25ರವರೆಗೆ ಕಳೆದ ಆರು ತಿಂಗಳಲ್ಲಿ ಬಂದ ದೂರುಗಳ ಪ್ರತಿ, ಮತ್ತು ಆ ಭಾಗದ ನಿರ್ವಹಣೆ ಗುತ್ತಿಗೆ ಯಾರದು, ಎಲ್ಲಿಯವರೆಗೆ.

ಉತ್ತರ 30 ದಿನದೊಳಗೆ ಬರಬೇಕಿತ್ತು, ಸ್ವಲ್ಪ ಜಾಸ್ತಿಯೇ ಆಯಿತು. ಅದರಲ್ಲಿ ಮೇ ತಿಂಗಳ ಒಂದು ದೂರಿನ ಪ್ರತಿ ಇತ್ತು. ಅದೇ ರಸ್ತೆಯಲ್ಲಿ ದಿನಾ ಓಡಾಡುವ ಹಾಲಿನ ವ್ಯಾನಿನ ಡ್ರೈವರ್ ಒಬ್ಬರು ಕೊಟ್ಟದ್ದು, ಮೇಲೆ ಕಚೇರಿಯ ಸೀಲೂ ಇತ್ತು. ಅವರು ಯಾವ ಕಿಲೋಮೀಟರ್ ಅಂತ ಬರೆದಿರಲಿಲ್ಲ, "ಬಂಕ್ ಹತ್ತಿರ" ಅಂದಿದ್ದರು. ಆ ಬಂಕಿನಿಂದ ನಮ್ಮ ಗುಂಡಿಗೆ ಎಷ್ಟು ದೂರ ಅಂತ ಅಳೆಯಲು ತಮ್ಮನನ್ನು ಇನ್ನೊಮ್ಮೆ ಟೇಪ್ ಕೊಟ್ಟು ಕಳಿಸಬೇಕಾಯಿತು. ಅಷ್ಟು ಹೊತ್ತಿಗೆ ಗುಂಡಿ ಮುಚ್ಚಿತ್ತು, ಆದರೆ ತೇಪೆ ಎದ್ದು ಕಾಣುತ್ತಿತ್ತು.