ಮುಳ್ಳು ದಢಕ್ಕನೆ ಬೀಳುವ ಜಾಗ

ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ, ಒತ್ತಡದ ಆಯಿಲ್ ಕೂಡಿಟ್ಟು ಪ್ರೆಸ್ಸಿಗೆ ಥಟ್ಟನೆ ಕೊಡುವ ಸಿಲಿಂಡರಿಗೆ, ಅಂದರೆ ಅಕ್ಯುಮುಲೇಟರಿಗೆ, ನಿಂಬೆಹಣ್ಣು ಕಟ್ಟಿದ್ದರು. ಮೂರು ತಿಂಗಳಲ್ಲಿ ಅದರೊಳಗಿನ ಬ್ಲಾಡರ್, ಅಂದರೆ ರಬ್ಬರ್ ಚೀಲ, ಎರಡು ಸಲ ಹರಿದಿತ್ತು. ದೃಷ್ಟಿ ತಾಗಿದೆ ಅಂತ ಎಲ್ಲರ ನಂಬಿಕೆ. "ಗ್ಯಾಸ್ ಫುಲ್ ಇದೆ ಸರ್, ನೋಡಿ, 200 ತೋರಿಸ್ತಿದೆ" ಎಂದ ಅಲ್ಲಿನ ಹುಡುಗ.

ಗೇಜ್ 200 ಬಾರ್ ತೋರಿಸುತ್ತಿದ್ದದ್ದು ನಿಜ. ಆದರೆ ಅದು ಪಂಪಿನ ಒತ್ತಡ. ಸಿಲಿಂಡರಿನೊಳಗೆ ರಬ್ಬರ್ ಚೀಲ, ಚೀಲದಲ್ಲಿ ನೈಟ್ರೋಜನ್, ಹೊರಗೆ ಆಯಿಲ್. ಆಯಿಲ್ ಎಷ್ಟು ಒತ್ತುತ್ತದೋ ಗ್ಯಾಸೂ ಅಷ್ಟೇ ತಿರುಗಿ ಒತ್ತುತ್ತದೆ. ಹಾಗಾಗಿ ಮೊದಲು 40 ತುಂಬಿದ್ದರೂ 135 ತುಂಬಿದ್ದರೂ, ಪ್ರೆಸ್ ಓಡುವಾಗ ಗೇಜ್ 200 ಅಂತಲೇ ಹೇಳುತ್ತದೆ. ಪ್ರೀಚಾರ್ಜ್ ಅಂದರೆ ಆಯಿಲ್ ಒಂದು ಹನಿಯೂ ಇಲ್ಲದಾಗ ಚೀಲದಲ್ಲಿರುವ ಒತ್ತಡ.

ಅದನ್ನು ನೋಡಲು ಒಂದು ಸುಲಭ ದಾರಿ ಇದೆ. ಪಂಪ್ ನಿಲ್ಲಿಸಿ, ಅಕ್ಯುಮುಲೇಟರಿನಿಂದ ಟ್ಯಾಂಕಿಗೆ ಹೋಗುವ ಡ್ರೈನ್ ವಾಲ್ವನ್ನು ನಿಧಾನವಾಗಿ ತಿರುಗಿಸಿ, ಆಯಿಲ್ ಕಡೆಯ ಗೇಜನ್ನೇ ನೋಡುತ್ತಾ ಇರಬೇಕು. ನಾವೂ ಹಾಗೇ ಮಾಡಿದೆವು. ಮುಳ್ಳು 190, 150, 90 ಅಂತ ಸಾವಕಾಶವಾಗಿ ಇಳಿಯಿತು. 40ರ ಹತ್ತಿರ ಬಂದಾಗ ದಢಕ್ಕನೆ ಸೊನ್ನೆಗೆ ಬಿತ್ತು. ಆಯಿಲ್ ಮುಗಿಯಿತು, ಚೀಲ ಕೆಳಗಿನ ಬಾಯಿ ಮುಚ್ಚಿತು, ಅಷ್ಟೇ. ಮುಳ್ಳು ಜಾರಿದ ಆ 40 ಬಾರೇ ಪ್ರೀಚಾರ್ಜ್.

ಚೀಲ ಹರಿದ ಕಾರಣವೂ ಅದೇ. 40ರಿಂದ 200ಕ್ಕೆ ಒತ್ತಿದರೆ ಗ್ಯಾಸ್ ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಬ್ಲಾಡರಿಗೆ ಸಾಮಾನ್ಯವಾಗಿ ನಾಲ್ಕನೇ ಒಂದಕ್ಕಿಂತ ಜಾಸ್ತಿ ಕುಗ್ಗಿಸಬಾರದು. ಚೀಲ ಮುದುಡಿ ಮೇಲಿನ ಗ್ಯಾಸ್ ವಾಲ್ವಿಗೆ ಉಜ್ಜಿ ಸೀಳುತ್ತದೆ. ಹಾಗಂತ ಸಿಕ್ಕಾಪಟ್ಟೆ ತುಂಬಿದರೂ ಕಷ್ಟ. ಆಗ ಪ್ರತಿ ಸಲವೂ ಚೀಲ ಕೆಳಗಿನ ವಾಲ್ವಿಗೆ ಬಡಿದು ಹಾಳಾಗುತ್ತದೆ. ಕೆಲಸದ ಕನಿಷ್ಠ ಒತ್ತಡದ ಶೇ. 90ರಷ್ಟು ಇಡುವುದು ರೂಢಿ. ಈ ಪ್ರೆಸ್ 200ರಿಂದ 150 ಬಾರ್‌ವರೆಗೆ ಇಳಿಯಬಹುದು. 150ರ ಶೇ. 90 ಅಂದರೆ 135.

ಇನ್ನು ಸೈಜು. ಇಲ್ಲಿ ಸ್ವಲ್ಪ ಇತಿಹಾಸ ಬೇಕು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಬಂದರಿನ ಕ್ರೇನುಗಳನ್ನು ನೀರಿನ ಒತ್ತಡದಿಂದ ಓಡಿಸಿದ. ಗ್ರಿಮ್ಸ್‌ಬಿಯಲ್ಲಿ ಅದಕ್ಕೆಂದೇ 1852ರಲ್ಲಿ 94 ಮೀಟರ್ ಎತ್ತರದ ಗೋಪುರ ಎದ್ದಿತು. ನಮ್ಮ ಮನೆ ಮೇಲಿನ ಓವರ್‌ಹೆಡ್ ಟ್ಯಾಂಕೇ, ಗಾತ್ರ ಮಾತ್ರ ದೊಡ್ಡದು. ಗೋಪುರ ಕಟ್ಟಲಾಗದ ಕಡೆ ಅವನು ಪಿಸ್ಟನ್ ಮೇಲೆ ಭಾರೀ ತೂಕ ಹೇರಿದ. 1894ರ ಲಂಡನ್ ಟವರ್ ಬ್ರಿಡ್ಜಿನಲ್ಲೂ ಇದ್ದದ್ದು ಅಂಥವೇ. ತೂಕದ ಸೊಗಸೇನೆಂದರೆ, ಅದು ಕೆಳಗಿಳಿಯುತ್ತಾ ಬಂದರೂ ಒತ್ತಡ ಬದಲಾಗುವುದಿಲ್ಲ. ಗ್ಯಾಸ್ ಹಾಗಲ್ಲ. ಹಿಗ್ಗುತ್ತಾ ಹೋದಂತೆ ಸೋಲುತ್ತದೆ.

ಅದರಲ್ಲೂ ವೇಗವಾಗಿ ಹಿಗ್ಗಿದರೆ ಜಾಸ್ತಿ ಸೋಲುತ್ತದೆ. ಸೈಕಲ್ ಪಂಪ್ ಜೋರಾಗಿ ಹೊಡೆದರೆ ತುದಿ ಬಿಸಿಯಾಗುತ್ತದಲ್ವಾ? ಇದು ಅದರ ಉಲ್ಟಾ. ಒಮ್ಮೆಲೇ ಹಿಗ್ಗಿದ ಗ್ಯಾಸ್ ತಣ್ಣಗಾಗುತ್ತದೆ, ತಣ್ಣಗಾದರೆ ಒತ್ತಡ ಇನ್ನಷ್ಟು ಕುಸಿಯುತ್ತದೆ. ಸೆಕೆಂಡಿನಲ್ಲಿ ಕೆಲಸ ಮುಗಿಸುವ ಪ್ರೆಸ್ಸಿನಲ್ಲಿ ಹೊರಗಿನ ಶಾಖ ಒಳಗೆ ಬರಲು ಪುರುಸೊತ್ತೇ ಇರುವುದಿಲ್ಲ.

ಈ ಪ್ರೆಸ್ಸಿಗೆ ಬೇಕಾದದ್ದು ಒಂದು ಸಲಕ್ಕೆ 5 ಲೀಟರ್ ಆಯಿಲ್. ನಿಧಾನದ ಲೆಕ್ಕದಲ್ಲಿ, ಗೇಜಿನ ಅಂಕಿಗೆ ಹೊರಗಿನ ಗಾಳಿಯ 1 ಬಾರ್ ಸೇರಿಸಿ ನೋಡಿದರೆ:

```
5 / (136/151 - 136/201) = 22.3 ಲೀಟರ್
```

ನಿಧಾನ ತುಂಬಿ ಥಟ್ಟನೆ ಖಾಲಿಯಾಗುವ ಲೆಕ್ಕದಲ್ಲಿ ಹೀಗಾಗುತ್ತದೆ:

```
5 / ((136/201) * ((201/151)^(1/1.4) - 1)) = 32.6 ಲೀಟರ್
```

ಅಲ್ಲಿದ್ದದ್ದು 20 ಲೀಟರಿನದು. 40 ಬಾರ್ ಪ್ರೀಚಾರ್ಜಿನಲ್ಲಿ ಅದು ಕೊಡುತ್ತಿದ್ದದ್ದು ಒಂದು ಲೀಟರಿಗಿಂತ ಕಮ್ಮಿ. ಪಂಪ್ ಬಿಡುವಿಲ್ಲದೆ ಒದ್ದಾಡುತ್ತಿದ್ದದ್ದು ಅದಕ್ಕೇ. ಓನರ್‌ಗೆ 32 ಲೀಟರಿನದ್ದು ಸಾಕು ಅನ್ನಿಸಿತ್ತು. ಕೂದಲೆಳೆಯಲ್ಲಿ ಸಾಲದು. ಜೊತೆಗೆ 200 ಬಾರ್‌ನಲ್ಲಿ ನೈಟ್ರೋಜನ್ ಈ ಸರಳ ಸೂತ್ರ ಹೇಳಿದ್ದಕ್ಕಿಂತ ಬಿಗಿಯಾಗಿ ವರ್ತಿಸುತ್ತದೆ. ಮುಂದಿನ ಸೈಜು 50 ಲೀಟರ್, ಅದನ್ನೇ ಹಾಕಿಸಿದೆವು.

ತುಂಬಿದ್ದು ಡಿಸೆಂಬರಿನ ಬೆಳಿಗ್ಗೆ, 20 ಡಿಗ್ರಿ. ನೈಟ್ರೋಜನ್ ಮಾತ್ರ. ಆಮ್ಲಜನಕ ಆಯಿಲಿಗೆ ತಾಗಿದರೆ ಸ್ಫೋಟವೇ. ಚೀಲ ಕೆಳಗಿನ ವಾಲ್ವಿಗೆ ಸಿಕ್ಕಿಕೊಳ್ಳದಂತೆ ಮೊದಲು ನಿಧಾನವಾಗಿ ಬಿಟ್ಟು, 122 ಬಾರ್‌ಗೆ ನಿಲ್ಲಿಸಿ, ಕಾಲು ಗಂಟೆ ಕಾದು ಮತ್ತೆ ನೋಡಿದೆವು.

ಮಧ್ಯಾಹ್ನ ಮಿಷನ್ ಬಿಸಿಯಾದ ಮೇಲೆ ಹುಡುಗ ತಾನೇ ಡ್ರೈನ್ ತಿರುಗಿಸಿ ನೋಡಿದ. ಈ ಸಲ ಮುಳ್ಳು ಬಿದ್ದದ್ದು 135ರ ಹತ್ತಿರ.

"ಸರ್, ಗ್ಯಾಸ್ ಜಾಸ್ತಿ ಆಗ್ಬಿಟ್ಟಿದೆ. ಸ್ವಲ್ಪ ಬಿಡ್ಲಾ?"

ಸಿಲಿಂಡರನ್ನು ಮುಟ್ಟಿ ನೋಡು ಅಂದೆ. ಮುಟ್ಟಿದವನು ಕೈ ಹಿಂದಕ್ಕೆಳೆದ. 50 ಡಿಗ್ರಿ ಇತ್ತು. ಗ್ಯಾಸ್ ಮೊದಲಿದ್ದಷ್ಟೇ ಇದೆ, ಬಿಸಿಯಾಗಿದೆ ಅಷ್ಟೇ. 122 ಇಟ್ಟದ್ದು ಈ 135 ಸಿಗಲಿ ಅಂತಲೇ.