ಸತ್ತ ಸಸಿಯ ಖರ್ಚನ್ನು ಎಲ್ಲಿ ಬರೆದಿದ್ದೀರಿ?

ನೆಡುತೋಪಿನ ಬಜೆಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಮೂರನೇ ವರ್ಷದ ಕಾಲಂ. ಅದು ಖಾಲಿ ಇದ್ದರೆ ನೆಡುವ ಖರ್ಚನ್ನು ಮಾತ್ರ ಬರೆದಿದ್ದಾರೆ ಅಂತ ತಿಳಿಯುತ್ತದೆ. ಹೆಚ್ಚಿನವರು ಸಸಿ, ಗುಂಡಿ, ಗೊಬ್ಬರ, ಕೂಲಿ ಎಲ್ಲವನ್ನೂ ಚೆನ್ನಾಗಿ ಬರೆಯುತ್ತಾರೆ. ಕೊನೆಗೆ ‘ನಿರ್ವಹಣೆ’ ಅಂತ ಒಂದು ಮೊತ್ತ ಹಾಕಿ ಮುಗಿಸುತ್ತಾರೆ. ತೋಪು ಉಳಿಯುವುದೋ ಬಿಡುವುದೋ ಆ ಒಂದು ಸಾಲಿನ ಮೇಲೇ ನಿಂತಿರುತ್ತದೆ. ಅದನ್ನು ಬಿಡಿಸಿ ಬರೆಯಲೇಬೇಕು.

ಒಂದು ಲೆಕ್ಕ ಹಾಕೋಣ. ಇಳಿಜಾರಿನ 4 ಹೆಕ್ಟೇರ್ ಜಾಗ. 5 ಮೀಟರಿಗೊಂದು ಸಸಿ, ಅಂದರೆ ಹೆಕ್ಟೇರಿಗೆ 400, ಒಟ್ಟು 1,600. ವರ್ಷದಲ್ಲಿ ಆರು ತಿಂಗಳು ಮಳೆ ಇಲ್ಲ.

ಮೊದಲ ವರ್ಷ ಸಸಿಗೆ 10 ಲೀಟರಿನಂತೆ ಹತ್ತು ದಿನಕ್ಕೊಮ್ಮೆ ನೀರು ಕೊಡುತ್ತೀರಿ ಅಂದುಕೊಳ್ಳಿ. ಒಂದು ಸುತ್ತಿಗೆ 16,000 ಲೀಟರ್. 5,000 ಲೀಟರಿನ ಟ್ಯಾಂಕರ್ ನಾಲ್ಕು ಸಲ ಬರಬೇಕು. ಆರು ತಿಂಗಳಲ್ಲಿ 18 ಸುತ್ತು, ಹಾಗಾಗಿ 72 ಟ್ರಿಪ್. ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಪೈಪ್ ಹಿಡಿಯುವವರ ಕೂಲಿ. ಇಳಿಜಾರಿನಲ್ಲಿ ನೀರನ್ನು ಸುಮ್ನೆ ಸುರಿದರೆ ಹರಿದುಹೋಗುತ್ತದೆ. ಪಾತಿಯೊಳಗೆ ನಿಧಾನವಾಗಿ ಇಂಗಿಸಬೇಕು. ಒಂದು ಸಸಿಗೆ ಒಂದು ನಿಮಿಷ ಹಿಡಿದರೂ ಒಂದು ಸುತ್ತಿಗೆ ಸುಮಾರು 27 ಗಂಟೆ ಕೆಲಸ. ದಿನಕ್ಕೆ ಎಂಟು ಗಂಟೆಯಂತೆ 18 ಸುತ್ತಿಗೆ ಅರವತ್ತು ಆಳಿನ ಕೂಲಿ ಆಗುತ್ತದೆ.

ಈಗ ಸಾಯುವ ಸಸಿಗಳ ವಿಷಯ. ನೂರಕ್ಕೆ 20 ಹೋದವು ಅಂತಿಟ್ಟುಕೊಳ್ಳೋಣ. ಒಳ್ಳೆಯ ನೆಡುತೋಪಿನಲ್ಲೂ ಇಷ್ಟು ಹೋಗಬಹುದು. ಎರಡನೇ ಮಳೆಗಾಲಕ್ಕೆ 320 ಸಸಿ ಬೇಕು. ಬಜೆಟ್‌ನಲ್ಲಿ ಆ 320 ಸಸಿಗಳ ಬೆಲೆ ಇರುತ್ತದೆ, ಅಷ್ಟೇ. ಆದರೆ ಗುಂಡಿಯನ್ನು ಮತ್ತೆ ಬಿಡಿಸಬೇಕು, ಸಸಿ ಸಾಗಿಸಬೇಕು, ನೆಡಬೇಕು. ಪಕ್ಕದ ಗಿಡ, ಕಳೆಗಳ ನಡುವೆ ಮೇಲೇಳಬೇಕಾದ್ದರಿಂದ ಈ ಸಲ ದೊಡ್ಡ ಚೀಲದಲ್ಲಿ ಬೆಳೆದ ಎತ್ತರದ ಸಸಿಯೇ ಬೇಕು. ಅದಕ್ಕೆ ಬೆಲೆಯೂ ಜಾಸ್ತಿ.

ಇದಕ್ಕಿಂತ ದೊಡ್ಡ ಖರ್ಚು ನೀರಿನದು. ಹೊಸದಾಗಿ ನೆಟ್ಟ ಸಸಿಗೆ ಅದು ಮೊದಲ ವರ್ಷ. ಉಳಿದ 1,280 ಗಿಡಗಳಿಗೆ ಎರಡನೇ ವರ್ಷ 15 ಲೀಟರಿನಂತೆ 20 ದಿನಕ್ಕೊಮ್ಮೆ ಕೊಟ್ಟರೆ 9 ಸುತ್ತಿಗೆ 36 ಟ್ರಿಪ್ ಸಾಕು. ಆದರೆ ಆ 320 ಸಸಿಗಳಿಗೆ ಹತ್ತು ದಿನಕ್ಕೊಮ್ಮೆ ಟ್ಯಾಂಕರ್ ಬರಲೇಬೇಕು. ಅಲ್ಲಿಗೆ ಇನ್ನೂ 18 ಟ್ರಿಪ್. ಅವುಗಳಲ್ಲೂ ನೂರಕ್ಕೆ 20 ಹೋದರೆ ಮೂರನೇ ವರ್ಷ 64 ಸಸಿ ನೆಡಬೇಕು. ಹಳೆಯ ಗಿಡಗಳಲ್ಲೂ ಕೆಲವು ಹೋಗಿರುತ್ತವೆ, ಅವೂ ಸೇರಬೇಕು. ಮೂರನೇ ವರ್ಷದ ಕಾಲಂ ಖಾಲಿ ಇರಬಾರದು ಅನ್ನುವುದು ಇದಕ್ಕೇ.

ಕಂದಕ ತೋಡಿ ಮಳೆನೀರು ಇಂಗಿಸುವ ಜಲಾನಯನದ ಕೆಲಸ ಈ ನೀರಿನ ಖರ್ಚನ್ನು ತಗ್ಗಿಸುತ್ತದೆ, ಆದರೆ ಇಲ್ಲವಾಗಿಸುವುದಿಲ್ಲ. 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಕಂದಕ ಒಮ್ಮೆ ತುಂಬಿದರೆ 1,000 ಲೀಟರ್ ನೀರು ನೆಲಕ್ಕಿಳಿಯುತ್ತದೆ. ಮೊದಲ ವರ್ಷ ಸಸಿಯ ಬೇರು ಆ ತೇವ ಇರುವ ಆಳಕ್ಕೆ ಮುಟ್ಟಿರುವುದಿಲ್ಲ. ಹಾಗಾಗಿ ಉಳಿತಾಯವನ್ನು ಎರಡನೇ ವರ್ಷದಿಂದ ತೋರಿಸಿ. ಕಂದಕದ ಕೆಲಸ ನೆಡುವ ಮೊದಲಿನ ಬೇಸಿಗೆಯಲ್ಲೇ ಮುಗಿಯಬೇಕು. ಮೊದಲ ಜೋರು ಮಳೆಗೇ ಅದರಲ್ಲಿ ಹೂಳು ಕೂರುತ್ತದೆ, ಆದ್ದರಿಂದ ಹೂಳೆತ್ತುವ ಕೂಲಿಯನ್ನೂ ವರ್ಷ ವರ್ಷ ಬರೆಯಬೇಕು.

ಬೇಲಿಯ ಲೆಕ್ಕವನ್ನು ಹೆಕ್ಟೇರಿಗಿಷ್ಟು ಅಂತ ಹಾಕುವುದು ತಪ್ಪು. 200 ಮೀಟರಿನ ಚೌಕದ ಸುತ್ತ 800 ಮೀಟರ್ ಬೇಲಿ. ಅದೇ 4 ಹೆಕ್ಟೇರ್ 50 ಮೀಟರ್ ಅಗಲದ ಉದ್ದ ಪಟ್ಟಿಯಾಗಿದ್ದರೆ 1,700 ಮೀಟರ್. ಜಾಗವನ್ನು ಅಳೆದೇ ಬರೆಯಿರಿ. ಜನ ಮೊದಲಿಂದ ಓಡಾಡುತ್ತಿದ್ದ ದಾರಿಯಲ್ಲಿ ದಾಟಲು ಕಟ್ಟೆಯನ್ನೋ ಗೇಟನ್ನೋ ಇಡಿ. ಇಲ್ಲದಿದ್ದರೆ ಅಲ್ಲೇ ತಂತಿ ಕಡಿಯುತ್ತಾರೆ, ದನಗಳೂ ಅಲ್ಲಿಂದಲೇ ನುಗ್ಗುತ್ತವೆ.

ಮರುನಾಟಿಯ ಹಣ ಬಿಡುಗಡೆ ಮಾಡುವ ಮುಂಚೆ ಸಸಿಗಳನ್ನು ಎಣಿಸಬೇಕು. ಮಳೆ ನಿಂತಾಗ ಒಮ್ಮೆ, ಮುಂದಿನ ಮಳೆಗೆ ಸ್ವಲ್ಪ ಮೊದಲು ಇನ್ನೊಮ್ಮೆ. ಎಲೆ ಉದುರಿದ್ದೆಲ್ಲ ಸತ್ತ ಸಸಿಯಲ್ಲ. ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಅದನ್ನು ಕೀಳಬೇಡಿ. ಸತ್ತಿದ್ದನ್ನು ಕಿತ್ತು ಬೇರು ನೋಡಿ. ಬೇರು ಚೀಲದ ಆಕಾರದಲ್ಲೇ ಸುತ್ತಿಕೊಂಡಿದ್ದರೆ ಸಸಿಯೇ ಸರಿಯಿರಲಿಲ್ಲ. ಕಪ್ಪಾಗಿ ನಾರುತ್ತಿದ್ದರೆ ನೀರು ನಿಂತಿತ್ತು. ಬೇರಿನ ಸಿಪ್ಪೆ ತಿಂದು ಮಣ್ಣು ಮೆತ್ತಿದ್ದರೆ ಗೆದ್ದಲು. ಸಸಿಯ ತುದಿಯನ್ನು ದನ ಕಡಿದಿದ್ದರೆ ಬೇಲಿ ಎಲ್ಲೋ ಬಿಟ್ಟಿದೆ. ಪ್ರತಿ ಗುಂಡಿಯ ಎದುರು ಕಾರಣ ಬರೆದಿದ್ದರೆ, ಮೊದಲು ಬೇಲಿಗೆ ಎಷ್ಟು, ನೀರಿಗೆ ಎಷ್ಟು, ಆಮೇಲೆ ಸಸಿಗೆ ಎಷ್ಟು ಅಂತ ಹಂಚಬಹುದು.